ಸುಟ್ಟ ಗಾಯ ಮತ್ತು ಗಂಟಲಲ್ಲಿ ಸಿಕ್ಕಿದ ತುತ್ತು: ಒಂದು ಪ್ರಥಮ ಚಿಕಿತ್ಸಾ ವಿಡಿಯೊ ಎರಡಾದ ಪ್ರಕರಣ

ಹಿನ್ನೆಲೆ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಕೆಲಸ ಮಾಡುವ ಒಂದು ಸ್ವಯಂಸೇವಾ ಸಂಸ್ಥೆ, ಕಲ್ಯಾಣ ಮಂಟಪಗಳ ಅಡುಗೆ ಕೆಲಸಗಾರರಿಗೂ ಅಂಗನವಾಡಿಯ ಕಾರ್ಯಕರ್ತೆಯರು ಮತ್ತು ಸಹಾಯಕಿಯರಿಗೂ ಉಪಯೋಗವಾಗುವಂತೆ ಪ್ರಥಮ ಚಿಕಿತ್ಸೆಯ ಕುರಿತು ಕನ್ನಡದಲ್ಲಿ ಒಂದು ವಿಡಿಯೊ ಮಾಡಿಸಲು ಹೊರಟಿತ್ತು. ಅಡುಗೆಯವರಿಗೆ ಮುಖ್ಯವಾದದ್ದು ಸುಟ್ಟ ಗಾಯ. ಅಂಗನವಾಡಿಯವರಿಗೆ ಮುಖ್ಯವಾದದ್ದು ಮಕ್ಕಳ ಗಂಟಲಲ್ಲಿ ಕಡಲೆಬೀಜವೋ ನಾಣ್ಯವೋ ಸಿಕ್ಕಿಕೊಳ್ಳುವುದು. ಹಣ ಒಂದೇ ವಿಡಿಯೊಗೆ ಸಾಲುವಷ್ಟಿದ್ದುದರಿಂದ ಎರಡು ವಿಷಯಗಳನ್ನೂ ಐದು ನಿಮಿಷದ ಒಂದೇ ಚಿತ್ರದಲ್ಲಿ ಸೇರಿಸುವುದೆಂದು ತೀರ್ಮಾನವಾಗಿ, ಮೊದಲ ಕರಡು ಸಿದ್ಧವಾಗಿ, ಅದರ ಮೇಲೆ ಮೊಬೈಲಿನಲ್ಲೇ ಒಂದು ಕಚ್ಚಾ ಚಿತ್ರೀಕರಣವೂ ಆಗಿತ್ತು. ಚಿತ್ರಕಥೆಯನ್ನು ಪರಿಷ್ಕರಿಸುವ ಹಂತದಲ್ಲಿ ನನ್ನನ್ನು ಸೇರಿಸಿಕೊಂಡರು. ನಮ್ಮೊಂದಿಗೆ ಸಂಸ್ಥೆಯ ಸಂಯೋಜಕಿ, ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡುವ ಒಬ್ಬ ವೈದ್ಯೆ ಮತ್ತು ಪ್ರಥಮ ಚಿಕಿತ್ಸೆಯ ತರಬೇತಿ ಕೊಡುವ ಒಬ್ಬ ಹಿರಿಯರು ಇದ್ದರು. ಗುರುತು ಸಿಗದಂತೆ ವ್ಯಕ್ತಿಗಳ ಮತ್ತು ಸ್ಥಳದ ವಿವರಗಳನ್ನು ಇಲ್ಲಿ ಮರೆಮಾಡಲಾಗಿದೆ.

ಮುಂದೆ ಹೇಳಲಿರುವ ಬಟ್ಟೆಯ ಸಾಲೊಂದನ್ನು ಬಿಟ್ಟರೆ, ಮೊದಲ ಕರಡಿನಲ್ಲಿ ವೈದ್ಯಕೀಯವಾಗಿ ತಪ್ಪೆನ್ನುವಂಥದ್ದು ಏನೂ ಇರಲಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ಸುಟ್ಟ ಜಾಗವನ್ನು 20 ನಿಮಿಷ ತಣ್ಣನೆಯ ಹರಿಯುವ ನೀರಿನ ಕೆಳಗೆ ಹಿಡಿಯಬೇಕು, ಐಸ್ ಹಾಕಬಾರದು, ಟೂತ್‌ಪೇಸ್ಟ್ ಹಚ್ಚಬಾರದು, ಗುಳ್ಳೆ ಒಡೆಯಬಾರದು ಎಂದು ಅದು ಹೇಳುತ್ತಿತ್ತು. ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡಾಗ ಬೆನ್ನಿಗೆ ಐದು ಏಟು, ನಂತರ ಹೊಟ್ಟೆಯ ಮೇಲ್ಭಾಗಕ್ಕೆ ಐದು ಒತ್ತು ಎಂದೂ ಹೇಳುತ್ತಿತ್ತು. ವೈದ್ಯೆ ಓದಿ ಒಪ್ಪಿಗೆ ಕೊಟ್ಟಿದ್ದ ಬರಹ ಅದು.

ನೋಡಿದವರು ಮಾಡಿ ತೋರಿಸಿದ್ದು

ಕಚ್ಚಾ ಚಿತ್ರವನ್ನು ಒಂದು ಮಂಟಪದ ಅಡುಗೆಮನೆಯಲ್ಲಿ ಕೆಲಸದವರಿಗೆ ತೋರಿಸಿದಾಗ ಸಂಯೋಜಕಿ ಒಂದು ಒಳ್ಳೆಯ ನಿರ್ಧಾರ ತೆಗೆದುಕೊಂಡರು. ಏನು ತಿಳಿಯಿತೆಂದು ಬಾಯಲ್ಲಿ ಹೇಳಿಸುವ ಬದಲು, ಒಬ್ಬೊಬ್ಬರನ್ನೇ ಕರೆದು, ಪಕ್ಕದವರ ಮುಂಗೈಗೆ ಬಿಸಿ ಸಾರು ಬಿದ್ದಿದೆ ಎಂದುಕೊಂಡು ಮಾಡಬೇಕಾದ್ದನ್ನು ಮಾಡಿ ತೋರಿಸಿ ಎಂದರು. ಪ್ರಶ್ನೆ ಕೇಳಿದ್ದರೆ ಬಹುಶಃ ಎಲ್ಲರೂ “ಇಪ್ಪತ್ತು ನಿಮಿಷ ನೀರು” ಎಂದೇ ಉತ್ತರಿಸುತ್ತಿದ್ದರು. ಮಾಡಿ ತೋರಿಸಿದಾಗ ಮಾತ್ರ ಬಹುತೇಕರು ಒಂದೆರಡು ಮಗ್ಗು ನೀರು ಸುರಿದು, ಸೆರಗಿನಲ್ಲಿ ಕೈ ಒರೆಸಿ, ಬಟ್ಟೆ ಸುತ್ತಲು ಹೋದರು. ಚಿತ್ರದಲ್ಲಿ ನೀರಿನ ದೃಶ್ಯ ಇದ್ದದ್ದು ಎಂಟು ಸೆಕೆಂಡು. ಅಕ್ಷರಗಳಲ್ಲಿ 20 ನಿಮಿಷ ಎಂದಿತ್ತು, ಕಣ್ಣು ಕಲಿತದ್ದು ಎಂಟು ಸೆಕೆಂಡನ್ನು.

ಇನ್ನೂ ಸ್ವಲ್ಪ ಹೊತ್ತು ಸುರಿಯಿರಿ ಎಂದು ಒತ್ತಾಯಿಸಿದಾಗ ಹಿರಿಯ ಅಡುಗೆಯವರೊಬ್ಬರು, “ಉರಿ ನಿಂತೋಯ್ತಲ್ಲ ಮೇಡಂ, ಇನ್ಯಾಕೆ ಸುಮ್ನೆ ನೀರು ಹಾಳು ಮಾಡೋದು?” ಎಂದು ಕೇಳಿದರು. ಈ ಪ್ರಶ್ನೆಗೆ ಕರಡಿನಲ್ಲಿ ಎಲ್ಲಿಯೂ ಉತ್ತರ ಇರಲಿಲ್ಲ. ನೀರು ಬಿದ್ದ ಕೆಲವೇ ನಿಮಿಷಗಳಲ್ಲಿ ಉರಿ ತಗ್ಗುವುದು ನಿಜ. ಆದರೆ ಬಿಸಿ ವಸ್ತು ಚರ್ಮದಿಂದ ದೂರವಾದ ಮೇಲೂ ಒಳಗಿನ ಪದರಗಳಲ್ಲಿ ಶಾಖ ಉಳಿದು ಗಾಯ ಆಳಕ್ಕೆ ಇಳಿಯುತ್ತಿರುತ್ತದೆ. ಉರಿ ತಗ್ಗಿದ್ದನ್ನು ನಂಬಿ ನಿಲ್ಲಿಸಿದವರು ಅರ್ಧ ಕೆಲಸ ಮಾಡಿದಂತೆ. ನೀರಿನ ಕಾಳಜಿಯನ್ನೂ ತಳ್ಳಿಹಾಕುವಂತಿರಲಿಲ್ಲ. ಕಾವೇರಿ ನೀರು ದಿನ ಬಿಟ್ಟು ದಿನ ಬರುವ, 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿದ್ದ ನಗರದಲ್ಲಿ, 20 ನಿಮಿಷ ನಲ್ಲಿ ಬಿಟ್ಟಿಡಿ ಎನ್ನುವ ಸಲಹೆ ಯಾರಿಗಾದರೂ ಕೈ ತಡೆಯುವಂಥದ್ದೇ.

ಎರಡನೆಯ ತೊಂದರೆ ಟೂತ್‌ಪೇಸ್ಟಿನದು. ಕರಡಿನಲ್ಲಿ ಗಾಯದ ಮೇಲೆ ಪೇಸ್ಟ್ ಹಚ್ಚುವ ದೃಶ್ಯವಿದ್ದು, ಅದರ ಮೇಲೆ ಕೆಂಪು ಅಡ್ಡಗೆರೆ ಬೀಳುತ್ತಿತ್ತು. ಈ ಅಡುಗೆಮನೆಯಲ್ಲಿ ಎಕ್ಸಾಸ್ಟ್ ಫ್ಯಾನಿನ ಸದ್ದಿಗೆ ಮೊಬೈಲಿನ ಧ್ವನಿ ಕೇಳಿಸುವುದಿಲ್ಲ. ಹೆಚ್ಚಿನವರು ಧ್ವನಿಯಿಲ್ಲದೆ, ಕೆಲಸದ ನಡುವೆ ಅರೆಬರೆ ನೋಡುತ್ತಾರೆ. ಹಾಗೆ ನೋಡಿದ ಒಬ್ಬ ಯುವಕ, ಸುಟ್ಟರೆ ಮೊದಲು ಪೇಸ್ಟ್, ಆಮೇಲೆ ನೀರು ಎಂದು ಅರ್ಥಮಾಡಿಕೊಂಡಿದ್ದ. ಅಡ್ಡಗೆರೆ ಬೀಳುವ ಮೊದಲೇ ಅವನು ಬೇರೆ ಕಡೆ ತಿರುಗಿದ್ದ.

ಗಂಟಲಿನ ಭಾಗದಲ್ಲಿ ಆದದ್ದು ಇದಕ್ಕಿಂತ ಗಂಭೀರ. ಅಂಗನವಾಡಿಯ ಗುಂಪಿಗೆ ತೋರಿಸಿದ ಮೇಲೆ, ಒಬ್ಬರು ಜೋರಾಗಿ ಕೆಮ್ಮುತ್ತಿರುವಂತೆ ನಟಿಸಿದರೆ ಉಳಿದವರು ಓಡಿಬಂದು ಬೆನ್ನಿಗೆ ಬಾರಿಸಲು ಶುರುಮಾಡಿದರು. ಜೋರಾಗಿ ಕೆಮ್ಮಲು ಆಗುತ್ತಿದೆ ಎಂದರೆ ಗಾಳಿ ಹೋಗಿಬರುತ್ತಿದೆ ಎಂದರ್ಥ; ಆಗ ಕೆಮ್ಮೇ ಎಲ್ಲಕ್ಕಿಂತ ಒಳ್ಳೆಯ ಚಿಕಿತ್ಸೆ, ಹೊರಗಿನವರು ಹೊಡೆಯಬೇಕಾಗಿಲ್ಲ. ಕರಡು ಏಟನ್ನು ತೋರಿಸಿತ್ತು, ಯಾವಾಗ ಹೊಡೆಯಬಾರದು ಎಂಬುದನ್ನು ತೋರಿಸಿರಲಿಲ್ಲ.

ಈ ವಿಡಿಯೊ ನೋಡುವ ಹೊತ್ತು ಯಾವುದು?

ಮುಂದಿನ ಸಭೆಯಲ್ಲಿ ಎಲ್ಲರೂ ಹೆಚ್ಚುಕಡಿಮೆ ಒಂದೇ ಪರಿಹಾರ ಸೂಚಿಸಿದರು: ನೀರಿನ ದೃಶ್ಯವನ್ನು ಸ್ವಲ್ಪ ಉದ್ದ ಮಾಡೋಣ, ಅಕ್ಷರ ದಪ್ಪ ಮಾಡೋಣ, ಎಚ್ಚರಿಕೆಯ ಸಾಲುಗಳನ್ನು ಹೆಚ್ಚಿಸೋಣ. ಅದರಿಂದ ಚಿತ್ರ ಉದ್ದವಾಗುತ್ತಿತ್ತೇ ಹೊರತು ತೊಂದರೆ ನೀಗುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆಯಾಗಿತ್ತು. ಚರ್ಚೆಯ ದಿಕ್ಕು ಬದಲಾದದ್ದು ವೈದ್ಯೆಯ ಒಂದು ಮಾತಿನಿಂದ. ತಮ್ಮ ವಿಭಾಗಕ್ಕೆ ಸುಟ್ಟ ಗಾಯದವರನ್ನು ಕರೆತರುವವರಲ್ಲಿ ಕೆಲವರು ದಾರಿಯಲ್ಲೇ ಮೊಬೈಲ್ ತೆರೆದು ಏನು ಮಾಡಬೇಕೆಂದು ಹುಡುಕಿರುತ್ತಾರೆ; ಗಂಟಲಲ್ಲಿ ಸಿಕ್ಕಿಕೊಂಡವರ ಕಡೆಯವರು ಹಾಗೆ ಹುಡುಕಿದ್ದನ್ನು ತಾವು ಕಂಡಿಲ್ಲ ಎಂದು ಅವರು ಹೇಳಿದರು. ಕಾರಣ ಸ್ಪಷ್ಟ. ಉಸಿರಿನ ದಾರಿ ಪೂರ್ತಿ ಮುಚ್ಚಿದರೆ ಕೆಲವೇ ನಿಮಿಷಗಳಲ್ಲಿ ಎಚ್ಚರ ತಪ್ಪುತ್ತದೆ. ಆ ಹೊತ್ತಿನಲ್ಲಿ ವಿಡಿಯೊ ನೋಡಲು ಯಾರಿಗೂ ಬಿಡುವಿಲ್ಲ. ಸುಟ್ಟ ಗಾಯದಲ್ಲಾದರೋ ಚಿಕಿತ್ಸೆಯೇ 20 ನಿಮಿಷದ್ದು, ಒಬ್ಬರು ನೀರು ಸುರಿಯುತ್ತಿರುವಾಗ ಇನ್ನೊಬ್ಬರು ಮೊಬೈಲ್ ಹಿಡಿದು ನೋಡಬಹುದು.

ಹಾಗಾದರೆ ಇವು ಒಂದೇ ವಿಡಿಯೊದ ಎರಡು ಭಾಗಗಳಲ್ಲ. ಒಂದು, ಘಟನೆ ನಡೆಯುತ್ತಿರುವಾಗಲೇ ತೆರೆದು ನೋಡುವಂಥದ್ದು. ಅದರ ಮೊದಲ ಕೆಲವು ಸೆಕೆಂಡುಗಳಲ್ಲೇ ನೀರು ಸುರಿಯಲು ಶುರುಮಾಡಿಸಬೇಕು, ಉಳಿದದ್ದನ್ನೆಲ್ಲ ನೀರು ಬೀಳುತ್ತಿರುವಾಗ ಹೇಳಬೇಕು. ಇನ್ನೊಂದು, ಘಟನೆಗೆ ಎಷ್ಟೋ ಮೊದಲು ನೋಡಿ, ಕೈಗೆ ಅಭ್ಯಾಸ ಮಾಡಿಸಿಕೊಳ್ಳಬೇಕಾದದ್ದು. ಅದು ನಿಧಾನವಾಗಿ, ಮತ್ತೆ ಮತ್ತೆ ತೋರಿಸುತ್ತ ಹೋಗಬೇಕು. ಎರಡನ್ನೂ ಸೇರಿಸಿದರೆ, ಕೈ ಸುಟ್ಟುಕೊಂಡವರು ಗಂಟಲಿನ ದೃಶ್ಯಗಳನ್ನು ದಾಟಿ ಹೋಗಬೇಕಾಗುತ್ತದೆ. ಹಣದ ಮಿತಿಯ ಪ್ರಶ್ನೆ ಬಂತು. ಸಂಯೋಜಕಿ ಆರಂಭದ ಶೀರ್ಷಿಕೆ, ಸಂಸ್ಥೆಯ ಪರಿಚಯ, ಹಿನ್ನೆಲೆ ಸಂಗೀತ, ಗಣ್ಯರೊಬ್ಬರ ಸಂದೇಶ ಎಲ್ಲವನ್ನೂ ಕೈಬಿಟ್ಟು ಎರಡು ಚಿಕ್ಕ ವಿಡಿಯೊಗಳಿಗೆ ಹಣ ಹೊಂದಿಸಿದರು. ಗಣ್ಯರ ಸಂದೇಶ ತೆಗೆದದ್ದಕ್ಕೆ ಸಂಸ್ಥೆಯೊಳಗೆ ಸಾಕಷ್ಟು ಅಸಮಾಧಾನವಾಯಿತು. ಸಂಯೋಜಕಿ ಪಟ್ಟು ಸಡಿಲಿಸಲಿಲ್ಲ.

ಸುಟ್ಟ ಗಾಯದ ಚಿತ್ರಕಥೆ

ಹೊಸ ಚಿತ್ರಕಥೆಯಲ್ಲಿ ನೀರನ್ನು ಒಂದು ಹಂತವಾಗಿ ಬರೆಯುವುದನ್ನೇ ಬಿಟ್ಟೆವು. ನೀರು ಮೊದಲ ದೃಶ್ಯದಲ್ಲಿ ಶುರುವಾಗಿ ಕೊನೆಗಿಂತ ಸ್ವಲ್ಪ ಮುಂಚೆ ನಿಲ್ಲುತ್ತದೆ. ಉಳಿದ ಎಲ್ಲ ಹಂತಗಳೂ ಆ ನೀರಿನ ನಡುವೆ ನಡೆಯುತ್ತವೆ. ಆರಂಭದ ಪುಟ ಹೀಗಿತ್ತು:

ದೃಶ್ಯ 1: ಅಡುಗೆಮನೆ. ಹಂಡೆಯಿಂದ ಸಾರು ತುಳುಕಿ ಒಬ್ಬ ಮಹಿಳೆಯ ಮುಂಗೈಗೆ ಬೀಳುತ್ತದೆ. ಪಕ್ಕದವಳು ಒಲೆ ಆರಿಸಿ, ಅವಳನ್ನು ನಲ್ಲಿಯ ಬಳಿಗೆ ಕರೆದೊಯ್ಯುತ್ತಾಳೆ. ತನ್ನ ಕೈಯನ್ನು ಮೊದಲು ನೀರಿಗೆ ಹಿಡಿದು ನೋಡಿ, ಆಮೇಲೆ ಗಾಯಗೊಂಡವಳ ಕೈ ಹಿಡಿಸುತ್ತಾಳೆ.
ಪರದೆಯ ಮೇಲೆ: ಈಗಲೇ ನೀರು ಸುರಿಯಿರಿ. ಸುರಿಯುತ್ತಲೇ ನೋಡಿ.
ಧ್ವನಿ: ಮಾತಿಲ್ಲ, ನೀರಿನ ಸದ್ದು ಮಾತ್ರ.

ದೃಶ್ಯ 2: ಮೊಬೈಲಿನಲ್ಲಿ 20 ನಿಮಿಷಕ್ಕೆ ಅಲಾರಂ ಇಡುವ ಬೆರಳು. ಪರದೆಯ ಮೂಲೆಯಲ್ಲಿ ಗಡಿಯಾರ ಮೂಡಿ ಕೊನೆಯವರೆಗೂ ಅಲ್ಲೇ ಉಳಿಯುತ್ತದೆ.

ಚಿತ್ರ ಒಟ್ಟು ಮೂರು ನಿಮಿಷದಷ್ಟಿದ್ದರೂ ಮೂಲೆಯ ಗಡಿಯಾರ 20 ನಿಮಿಷ ಓಡುತ್ತದೆ. ದೃಶ್ಯ ಬದಲಾದಾಗಲೆಲ್ಲ ಅದು ಕೆಲವು ನಿಮಿಷ ಮುಂದೆ ಜಿಗಿಯುತ್ತದೆ, ಮತ್ತು ಪ್ರತಿ ಬಾರಿಯೂ ಚಿತ್ರ ಅದೇ ಕೈಗೆ, ಅದೇ ನೀರಿಗೆ ಮರಳುತ್ತದೆ. ಧ್ವನಿಯಿದ್ದವರಿಗೆ ನೀರಿನ ಸದ್ದು ನಡುವೆ ಎಲ್ಲಿಯೂ ಕಡಿಯುವುದಿಲ್ಲ. ಧ್ವನಿಯಿಲ್ಲದವರಿಗೆ ಗಡಿಯಾರವಿದೆ. ಎಂಟು ನಿಮಿಷದ ಹೊತ್ತಿಗೆ ಗಾಯಗೊಂಡವಳು ಉರಿ ಕಡಿಮೆಯಾಯಿತೆಂದು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ, ಪಕ್ಕದವಳು ತಲೆಯಾಡಿಸಿ ಮತ್ತೆ ನೀರಿಗೆ ಹಿಡಿಸುತ್ತಾಳೆ. ಹಿರಿಯ ಅಡುಗೆಯವರ ಪ್ರಶ್ನೆಗೆ ಚಿತ್ರದೊಳಗೆ ಸಿಕ್ಕ ಉತ್ತರ ಇದು. ಪರದೆಯ ಮೇಲೆ “ಉರಿ ನಿಂತರೂ ಒಳಗೆ ಬಿಸಿ ಇದೆ” ಎಂಬ ಒಂದೇ ಸಾಲು ಬರುತ್ತದೆ.

ನೀರಿನ ಪ್ರಮಾಣವನ್ನು ಅಳೆದೇ ನೋಡಿದೆವು. ನಲ್ಲಿಯನ್ನು ಪೂರ್ತಿ ತಿರುಗಿಸಬೇಕಾಗಿಲ್ಲ. ಗಾಯದ ಮೇಲೆ ಸಣ್ಣಗೆ, ಎಡೆಬಿಡದೆ ಹರಿಯುವ ಧಾರೆ ಸಾಕು, ಅಷ್ಟೇ ಅಲ್ಲ, ರಭಸದ ಧಾರೆ ಚರ್ಮವನ್ನು ಕೀಳುತ್ತದೆ. ನಿಮಿಷಕ್ಕೆ ಎರಡು ಲೀಟರಿನಂತೆ ಬಿಟ್ಟರೆ 20 ನಿಮಿಷಕ್ಕೆ 40 ಲೀಟರು, ಅಂದರೆ ಎರಡು ಕ್ಯಾನ್ ನೀರು. ಕ್ಯಾನ್ ನೀರು ಕೊಳ್ಳುವ ಊರಿನಲ್ಲಿ ಈ ಲೆಕ್ಕ ಎಲ್ಲರಿಗೂ ಥಟ್ಟನೆ ಅರ್ಥವಾಯಿತು. ಆದ್ದರಿಂದ ಚಿತ್ರಕಥೆಯಲ್ಲಿ ಕೆಳಗೊಂದು ಬೇಸಿನ್ ಇಟ್ಟು, ಬಿದ್ದ ನೀರನ್ನು ನೆಲ ತೊಳೆಯಲು ತೆಗೆದಿಡುವ ಒಂದು ಚಿಕ್ಕ ದೃಶ್ಯ ಸೇರಿಸಿದೆವು. ನಲ್ಲಿಯಲ್ಲಿ ನೀರೇ ಬಾರದಿದ್ದರೆ ಬಕೆಟ್ಟಿನಿಂದ ಮಗ್ಗಿನಲ್ಲಿ ಸುರಿಯುವುದು, ಅದೂ ಕಡಿಮೆಯಿದ್ದರೆ ಶುದ್ಧ ನೀರಿನ ಪಾತ್ರೆಯಲ್ಲಿ ಕೈ ಮುಳುಗಿಸಿ ನೀರು ಬೆಚ್ಚಗಾದಾಗ ಬದಲಿಸುವುದು ಎಂಬ ಪರ್ಯಾಯವನ್ನೂ ಇಟ್ಟೆವು. ತಡವಾಗಿ ನೆನಪಾದವರಿಗಾಗಿ ಇನ್ನೊಂದು ಸಾಲು: ಸುಟ್ಟು ಮೂರು ಗಂಟೆಯೊಳಗೆ ನೀರು ಸುರಿದರೂ ಪ್ರಯೋಜನವಿದೆ.

ಪಕ್ಕದವಳು ತನ್ನ ಕೈಯನ್ನು ಮೊದಲು ನೀರಿಗೆ ಹಿಡಿಯುವ ದೃಶ್ಯ ನಂತರ ಸೇರಿದ್ದು. ಏಪ್ರಿಲಿನ ಮಧ್ಯಾಹ್ನ ಚಿತ್ರೀಕರಣದ ಪೂರ್ವಾಭ್ಯಾಸ ಮಾಡುವಾಗ, ಮಾಳಿಗೆಯ ಕಪ್ಪು ಟ್ಯಾಂಕಿನಿಂದ ಬಂದ ನೀರು ಮುಟ್ಟಿದರೆ ಕೈ ಹಿಂದೆಗೆಯುವಷ್ಟು ಬಿಸಿಯಾಗಿತ್ತು. ಹರಿಯುವ ನೀರು ಎಂದ ಮಾತ್ರಕ್ಕೆ ತಣ್ಣನೆಯ ನೀರು ಎಂದಾಗುವುದಿಲ್ಲ. ಪೈಪಿನಲ್ಲಿ ನಿಂತ ನೀರು ಹರಿದುಹೋದ ಮೇಲೂ ಬಿಸಿಯಾಗಿಯೇ ಬಂದರೆ ಸಂಪಿನ ನೀರು, ಒಳಗೆ ತುಂಬಿಟ್ಟ ಡ್ರಮ್ಮಿನ ನೀರು, ಇಲ್ಲವೇ ಕ್ಯಾನಿನ ನೀರನ್ನೇ ಬಳಸಬೇಕು. ಫ್ರಿಡ್ಜಿನ ಐಸ್ ಹುಡುಕಲು ಹೋಗಬಾರದು. ಅದು ರಕ್ತನಾಳಗಳನ್ನು ಕುಗ್ಗಿಸಿ, ಈಗಾಗಲೇ ನೊಂದ ಚರ್ಮಕ್ಕೆ ಇನ್ನಷ್ಟು ಹಾನಿ ಮಾಡುತ್ತದೆ.

ಬಳೆಗಳ ವಿಷಯಕ್ಕೆ ನಾವು ಎಣಿಸಿದ್ದಕ್ಕಿಂತ ಹೆಚ್ಚು ಸಮಯ ಹೋಯಿತು. ಸುಟ್ಟ ಕೈ ಬೇಗ ಊದಿಕೊಳ್ಳುತ್ತದೆ, ಊದಿದ ಮೇಲೆ ಬಳೆ, ಉಂಗುರಗಳು ರಕ್ತಸಂಚಾರವನ್ನು ಬಿಗಿಯುತ್ತವೆ. ಆದ್ದರಿಂದ ಆರಂಭದಲ್ಲೇ ತೆಗೆಯಬೇಕು. ಚಿತ್ರದಲ್ಲಿ ನಟಿಸಿದವರೇ ಗಾಜಿನ ಬಳೆ ತೆಗೆಯಲು ಹಿಂಜರಿದರು. ಎರಡೂ ಕೈ ಖಾಲಿಯಾಗುವಂತೆ ತೋರಿಸಿದರೆ ಮನೆಮಂದಿಯೂ ಒಪ್ಪುವುದಿಲ್ಲ ಎಂದರು. ತರಬೇತಿಯ ಹಿರಿಯರು, “ಅಮ್ಮಾ, ಸುಟ್ಟಿರೋದು ಒಂದೇ ಕೈ ತಾನೆ? ಆ ಕೈದು ತೆಗೆದು ಈ ಕೈಗೆ ಹಾಕ್ಕೊಳ್ಳಿ,” ಎಂದದ್ದು ಚಿತ್ರಕಥೆಗೆ ಹಾಗೆಯೇ ಬಂತು. ನೀರಿನ ಕೆಳಗೆ ಕೈ ಇರುವಾಗಲೇ ಪಕ್ಕದವಳು ಬಳೆಗಳನ್ನು ಒಂದೊಂದಾಗಿ ಜಾರಿಸಿ ಇನ್ನೊಂದು ಕೈಗೆ ತೊಡಿಸುತ್ತಾಳೆ.

ಬಟ್ಟೆಯ ಬಗ್ಗೆ ಎರಡು ಬೇರೆ ಬೇರೆ ಮಾತುಗಳನ್ನು ಬೆರೆಸದಂತೆ ಎಚ್ಚರ ವಹಿಸಬೇಕಾಯಿತು. ಬಿಸಿ ಸಾರು ಹೀರಿಕೊಂಡ ಸೀರೆಯ ನೆರಿಗೆ ಶಾಖವನ್ನು ಹಿಡಿದಿಟ್ಟು ಸುಡುತ್ತಲೇ ಇರುತ್ತದೆ, ಅದನ್ನು ತಕ್ಷಣ ಬೇರ್ಪಡಿಸಬೇಕು. ಬೆಂಕಿಗೆ ಕರಗಿ ಚರ್ಮಕ್ಕೆ ಅಂಟಿದ ಸಿಂಥೆಟಿಕ್ ಬಟ್ಟೆಯನ್ನು ಮಾತ್ರ ಎಳೆಯಬಾರದು, ಸುತ್ತಲಿನದನ್ನು ಕತ್ತರಿಸಿ ಅಂಟಿದ್ದನ್ನು ಹಾಗೆಯೇ ಬಿಡಬೇಕು. ಮೊದಲ ಕರಡಿನಲ್ಲಿ “ಬಟ್ಟೆ ತೆಗೆಯಬೇಡಿ” ಎಂಬ ಒಂದೇ ಸಾಲು ಇತ್ತು. ಅಡುಗೆಮನೆಯಲ್ಲಿ ಬಿಸಿ ದ್ರವ ಚೆಲ್ಲಿ ಸುಡುವುದೇ ಹೆಚ್ಚಾದ್ದರಿಂದ ಅದು ಇಲ್ಲಿನವರಿಗೆ ಹೆಚ್ಚು ಅಪಾಯದ ಸಲಹೆಯಾಗಿತ್ತು.

ಟೂತ್‌ಪೇಸ್ಟ್, ಅರಿಶಿನ, ತುಪ್ಪ, ಕಾಫಿಪುಡಿ, ದೋಸೆಹಿಟ್ಟು: ಇವನ್ನೆಲ್ಲ ಗಾಯದ ಮೇಲೆ ಎಲ್ಲಿಯೂ ತೋರಿಸದಿರುವುದೆಂದು ನಿರ್ಧರಿಸಿದೆವು. ಬದಲಿಗೆ, ಮನೆಯ ಹಿರಿಯಾಕೆ ಪೇಸ್ಟಿನ ಟ್ಯೂಬ್ ಹಿಡಿದು ಬರುತ್ತಾಳೆ. ಪಕ್ಕದವಳು ಅದನ್ನು ತೆಗೆದುಕೊಂಡು ಅವಳ ಕೈಗೆ ಮಗ್ಗು ಕೊಡುತ್ತಾಳೆ. ಟ್ಯೂಬಿನ ಮುಚ್ಚಳ ತೆರೆಯುವುದೇ ಇಲ್ಲ. ಹಿರಿಯಾಕೆಗೆ ಮಾಡಲು ಒಂದು ಕೆಲಸ ಸಿಗುತ್ತದೆ, ಅವಮಾನವೂ ಆಗುವುದಿಲ್ಲ. ಹಚ್ಚಿದ್ದನ್ನೆಲ್ಲ ಆಸ್ಪತ್ರೆಯಲ್ಲಿ ಉಜ್ಜಿ ತೆಗೆದ ಮೇಲೆಯೇ ಗಾಯ ಎಷ್ಟು ಆಳವೆಂದು ನೋಡಲು ಸಾಧ್ಯ, ಆ ಉಜ್ಜುವಿಕೆಯ ನೋವು ಸುಟ್ಟದ್ದಕ್ಕಿಂತ ಕಡಿಮೆಯಲ್ಲ ಎಂದು ವೈದ್ಯೆ ವಿವರಿಸಿದ್ದನ್ನು ಧ್ವನಿಯಲ್ಲಿ ಒಂದು ವಾಕ್ಯವಾಗಿ ಇಟ್ಟೆವು.

ಅಲಾರಂ ಬಾರಿಸಿದ ಮೇಲೆ ಮುಚ್ಚುವ ದೃಶ್ಯ. ಮಂಟಪದ ಅಡುಗೆಯವರ ಬಳಿ ತಟ್ಟೆಗಳಿಗೆ ಸುತ್ತುವ ಕ್ಲಿಂಗ್ ಫಿಲ್ಮ್ ಇರುತ್ತದೆ. ಅದರ ಹೊರಗಿನ ಒಂದು ಸುತ್ತನ್ನು ಬಿಸಾಡಿ, ಒಳಗಿನದನ್ನು ಗಾಯದ ಮೇಲೆ ಉದ್ದಕ್ಕೆ ಹಾಸಬೇಕು, ಬಿಗಿಯಾಗಿ ಸುತ್ತಬಾರದು. ಅದಿಲ್ಲದವರಿಗೆ ಒಗೆದ ಹತ್ತಿ ಬಟ್ಟೆ ಸಾಕು. ಎಳೆ ಅಂಟುವ ಬಿಡಿ ಹತ್ತಿ ಬೇಡ. ಯಾವಾಗ ಆಸ್ಪತ್ರೆಗೆ ಎಂಬುದಕ್ಕೆ ಗಾಯಗೊಂಡವರ ಅಂಗೈಯನ್ನೇ ಅಳತೆಯಾಗಿ ಬಳಸಿದೆವು: ಬೆರಳುಗಳೂ ಸೇರಿದ ಅಂಗೈ ದೇಹದ ಮೇಲ್ಮೈಯ ಸುಮಾರು ಶೇಕಡಾ 1ರಷ್ಟು, ಅದಕ್ಕಿಂತ ದೊಡ್ಡ ಗಾಯ, ಮುಖ, ಕೈ, ಪಾದ, ಕೀಲು, ಗುಪ್ತಾಂಗಗಳ ಗಾಯ, ಮಕ್ಕಳ ಮತ್ತು ವಯಸ್ಸಾದವರ ಗಾಯ, ವಿದ್ಯುತ್ ಅಥವಾ ರಾಸಾಯನಿಕದಿಂದಾದ ಗಾಯ, ಹೊಗೆ ಕುಡಿದವರು ಇವೆಲ್ಲ ಆಸ್ಪತ್ರೆಗೆ. ದೊಡ್ಡ ಗಾಯವಾದರೆ 20 ನಿಮಿಷ ಮುಗಿಯುವವರೆಗೆ ಕಾಯದೆ, ಸುರಿಯುತ್ತಲೇ 108ಕ್ಕೆ ಕರೆ ಮಾಡಬೇಕು. ಮಗುವಿನ ಗಾಯಕ್ಕೆ ನೀರು ಸುರಿಯುವಾಗ ಉಳಿದ ಮೈಯನ್ನು ಬೆಚ್ಚಗೆ ಹೊದಿಸಬೇಕು, ನಡುಕ ಬಂದರೆ ನೀರು ನಿಲ್ಲಿಸಬೇಕು. ಈ ಕೊನೆಯ ಎಚ್ಚರಿಕೆಯನ್ನು ವೈದ್ಯೆ ಪಟ್ಟುಹಿಡಿದು ಹಾಕಿಸಿದರು.

ಗಂಟಲಿನ ಚಿತ್ರಕಥೆ

ಇಲ್ಲಿ ಚಿತ್ರಕಥೆ ಶುರುವಾಗುವುದು ಏನೂ ಮಾಡದಿರುವ ದೃಶ್ಯದಿಂದ. ಊಟದ ಸಾಲಿನಲ್ಲಿ ಒಬ್ಬರು ಜೋರಾಗಿ ಕೆಮ್ಮುತ್ತಾರೆ. ಪಕ್ಕದವರು ನೀರಿನ ಲೋಟ ಚಾಚುತ್ತಾರೆ, ಇನ್ನೊಬ್ಬರು ನೆತ್ತಿ ತಟ್ಟಲು ಕೈ ಎತ್ತುತ್ತಾರೆ. ಅಂಗನವಾಡಿ ಕಾರ್ಯಕರ್ತೆ ಇಬ್ಬರನ್ನೂ ತಡೆದು, “ಕೆಮ್ಮಿ, ಇನ್ನೂ ಜೋರಾಗಿ ಕೆಮ್ಮಿ” ಎಂದು ಹೇಳುತ್ತಾ ಎದುರಿಗೇ ನಿಂತಿರುತ್ತಾಳೆ. ಕೆಮ್ಮಿ ಕೆಮ್ಮಿ ತುತ್ತು ಹೊರಬರುತ್ತದೆ. ಇಪ್ಪತ್ತು ಸೆಕೆಂಡಿನ ಈ ದೃಶ್ಯ ಅನಗತ್ಯವೆಂದು ಕೆಲವರಿಗೆ ಅನಿಸಿತು, ನನಗೆ ಇಡೀ ವಿಡಿಯೊದಲ್ಲಿ ಇದೇ ಮುಖ್ಯ ದೃಶ್ಯ ಎನಿಸುತ್ತದೆ.

ಮುಂದಿನ ದೃಶ್ಯದಲ್ಲಿ ಅದೇ ಸಾಲು, ಬೇರೊಬ್ಬ ವ್ಯಕ್ತಿ. ಕೆಮ್ಮು ಶುರುವಾಗಿ ನಿಂತುಹೋಗುತ್ತದೆ. ಇಲ್ಲಿ ಒಂದು ವಿಚಿತ್ರ ತೊಡಕು ಎದುರಾಯಿತು: ಪೂರ್ತಿ ಮುಚ್ಚಿದ ಗಂಟಲಿನ ಮುಖ್ಯ ಲಕ್ಷಣವೇ ಮೌನ, ಆದರೆ ಮೊಬೈಲಿನ ಧ್ವನಿ ಮುಚ್ಚಿ ನೋಡುವವರಿಗೆ ಎಲ್ಲವೂ ಮೌನವೇ. ಅವರಿಗೆ ಕೆಮ್ಮುವವರೂ ಕೆಮ್ಮಲಾಗದವರೂ ಒಂದೇ ಥರ ಕಾಣುತ್ತಾರೆ. ಆದ್ದರಿಂದ ಮೊದಲ ದೃಶ್ಯದಲ್ಲಿ ಕೆಮ್ಮುವವರ ಭುಜ ಅಲುಗುವುದು, ನಡುನಡುವೆ ಮಾತಾಡುವುದು ಕಾಣಬೇಕೆಂದೂ, ಎರಡನೆಯದರಲ್ಲಿ ಎರಡೂ ಕೈ ಗಂಟಲಿಗೆ ಹೋಗಿ, ಬಾಯಿ ತೆರೆದಿದ್ದರೂ ಎದೆ ಅಲುಗದೆ, ತುಟಿಯ ಬಣ್ಣ ಮಂಕಾಗುತ್ತ ಹೋಗಬೇಕೆಂದೂ ಬರೆದೆವು. ಕಾರ್ಯಕರ್ತೆ, “ಗಂಟಲಲ್ಲಿ ಸಿಕ್ಕಿದೆಯಾ? ಮಾತಾಡೋಕೆ ಆಗ್ತಿದೆಯಾ?” ಎಂದು ಕೇಳುತ್ತಾಳೆ, ಅವರು ತಲೆಯನ್ನಷ್ಟೇ ಆಡಿಸುತ್ತಾರೆ. ಪರದೆಯ ಮೇಲೆ: “ಮಾತಿಲ್ಲ. ಕೆಮ್ಮಿಲ್ಲ. ಈಗ ಹೊಡೆಯಬೇಕು.”

ಏಟಿನ ಕ್ರಮದ ಬಗ್ಗೆ ಹಿರಿಯ ತರಬೇತುದಾರರಿಗೂ ವೈದ್ಯೆಗೂ ಭಿನ್ನಾಭಿಪ್ರಾಯವಿತ್ತು. ದೊಡ್ಡವರಿಗೆ ಬೆನ್ನಿನ ಏಟು ಬೇಡ, ನೇರವಾಗಿ ಹೊಟ್ಟೆ ಒತ್ತಬೇಕು ಎಂದು ತರಬೇತುದಾರರು ವರ್ಷಗಳಿಂದ ಕಲಿಸುತ್ತಿದ್ದರು. ಹೆನ್ರಿ ಹೈಮ್ಲಿಕ್ 1974ರಲ್ಲಿ ವಿವರಿಸಿದ ಈ ವಿಧಾನವನ್ನೇ ಅಮೆರಿಕದ ಹೃದಯ ಸಂಘದ ಪಾಠಗಳು ದೀರ್ಘಕಾಲ ಮುಂದಿಟ್ಟಿದ್ದವು. ಯುರೋಪಿನ ಪಾಠಗಳಲ್ಲಿ ಮೊದಲಿನಿಂದಲೂ ಬೆನ್ನಿನ ಏಟಿಗೆ ಸ್ಥಾನವಿತ್ತು. 2025ರ ಅಕ್ಟೋಬರಿನಲ್ಲಿ ಬಂದ ಹೊಸ ಮಾರ್ಗಸೂಚಿಯಲ್ಲಿ ಅಮೆರಿಕದ ಸಂಘವೂ ದೊಡ್ಡವರಿಗೆ ಮತ್ತು ಒಂದು ವರ್ಷ ಮೀರಿದ ಮಕ್ಕಳಿಗೆ ಮೊದಲು ಐದು ಬೆನ್ನಿನ ಏಟು, ನಂತರ ಐದು ಹೊಟ್ಟೆಯ ಒತ್ತು, ಹೀಗೆ ಬದಲಿಸುತ್ತ ಹೋಗಬೇಕೆಂದು ಹೇಳಿದ ಮೇಲೆ ಚರ್ಚೆ ತಾನಾಗಿ ಮುಗಿಯಿತು.

ಚಿತ್ರೀಕರಣದ ಕೋನಗಳನ್ನು ಚಿತ್ರಕಥೆಯಲ್ಲೇ ಬರೆದದ್ದು ಇಲ್ಲಿ ಕೆಲಸಕ್ಕೆ ಬಂತು. ಬೆನ್ನಿನ ಏಟಿಗೆ ಕ್ಯಾಮೆರಾ ಪಕ್ಕದಲ್ಲಿರಬೇಕು: ವ್ಯಕ್ತಿಯನ್ನು ಮುಂದಕ್ಕೆ ಚೆನ್ನಾಗಿ ಬಾಗಿಸಿ, ಒಂದು ಕೈ ಎದೆಗೆ ಆಸರೆ ಕೊಟ್ಟು, ಇನ್ನೊಂದರ ಅಂಗೈಯ ಬುಡದಿಂದ ಎರಡು ಹೆಗಲೆಲುಬುಗಳ ನಡುವೆ ಹೊಡೆಯುವುದು ಆಗ ಮಾತ್ರ ಕಾಣುತ್ತದೆ. ಬಾಗಿಸದೆ ಹೊಡೆದರೆ ಸಡಿಲಾದ ತುಂಡು ಇನ್ನೂ ಒಳಕ್ಕೆ ಜಾರಬಹುದು. ಹೊಟ್ಟೆಯ ಒತ್ತಿಗೆ ಕ್ಯಾಮೆರಾ ಎದುರಿಗೆ ಬರುತ್ತದೆ: ಹಿಂದೆ ನಿಂತವರ ಮುಷ್ಟಿ ಹೊಕ್ಕುಳಿಗಿಂತ ಮೇಲೆ, ಎದೆಮೂಳೆಯ ತುದಿಗಿಂತ ಸಾಕಷ್ಟು ಕೆಳಗೆ, ಇನ್ನೊಂದು ಕೈ ಅದನ್ನು ಹಿಡಿದು ಒಳಕ್ಕೂ ಮೇಲಕ್ಕೂ ಒಮ್ಮೆಲೇ ಎಳೆಯುತ್ತದೆ. ಮೂರು ನಾಲ್ಕು ವರ್ಷದ ಮಗುವಾದರೆ ಹಿಂದೆ ಮಂಡಿಯೂರಬೇಕು. ಗರ್ಭಿಣಿಯರಿಗೆ ಹಾಗೂ ಕೈ ಸುತ್ತಲಾಗದಷ್ಟು ದಪ್ಪ ಇರುವವರಿಗೆ ಹೊಟ್ಟೆಯ ಬದಲು ಎದೆಯ ನಡುವೆ ಒತ್ತಬೇಕು. ನಟರ ಮೇಲೆ ನಿಜವಾಗಿ ಒತ್ತುವುದನ್ನು ವೈದ್ಯೆ ನಿಷೇಧಿಸಿದರು. ಆರೋಗ್ಯವಂತರ ಮೇಲೆ ಇದನ್ನು ಅಭ್ಯಾಸ ಮಾಡಬಾರದೆಂಬ ಸಾಲನ್ನು ಅದೇ ದೃಶ್ಯದ ಮೇಲೆ ಹಾಕಲಾಯಿತು. ಒಳಗಿನ ಅಂಗಗಳಿಗೆ ಪೆಟ್ಟಾಗಬಹುದು, ಆದ್ದರಿಂದಲೇ ನಿಜವಾಗಿ ಒತ್ತಿಸಿಕೊಂಡವರು ಚೇತರಿಸಿಕೊಂಡ ಮೇಲೂ ವೈದ್ಯರಿಗೆ ತೋರಿಸಬೇಕು.

ಮೊದಲ ಕರಡಿನ ಪರೀಕ್ಷೆಯಲ್ಲಿ ಕಂಡ ಇನ್ನೊಂದು ಅಂಶವನ್ನು ಇಲ್ಲಿ ಸರಿಪಡಿಸಿದೆವು. “ಐದು ಏಟು” ಎಂದು ಕಲಿತವರು ಐದನ್ನೂ ಪಟಪಟನೆ ಹೊಡೆದು ಮುಗಿಸುತ್ತಿದ್ದರು, ನಡುವೆ ಮುಖ ನೋಡುತ್ತಿರಲಿಲ್ಲ. ಹೊಸ ಚಿತ್ರದಲ್ಲಿ ಪ್ರತಿ ಏಟಿನ ನಂತರ ಕಾರ್ಯಕರ್ತೆ ಬಗ್ಗಿ ಮುಖ ನೋಡುತ್ತಾಳೆ. ಮೊದಲ ಸುತ್ತಿನ ಐದು ಏಟು, ಐದು ಒತ್ತುಗಳಲ್ಲಿ ಏನೂ ಬರುವುದಿಲ್ಲ. ಎರಡನೆಯ ಸುತ್ತಿನ ಮೂರನೆಯ ಏಟಿಗೆ ತುತ್ತು ಹೊರಬೀಳುತ್ತದೆ, ಎತ್ತಿದ ಕೈ ಅಲ್ಲಿಗೇ ನಿಲ್ಲುತ್ತದೆ. ಮೊದಲ ಸುತ್ತಿನಲ್ಲೇ ಹೊರಬಂದಿದ್ದರೆ ಸುತ್ತುಗಳನ್ನು ಮುಂದುವರಿಸಬೇಕೆಂಬುದೇ ನೋಡುವವರಿಗೆ ಹೊಳೆಯುತ್ತಿರಲಿಲ್ಲ.

ಎಚ್ಚರ ತಪ್ಪಿದರೆ ಏನು ಎಂಬುದನ್ನು ಪೂರ್ತಿ ಕಲಿಸಲು ಜಾಗವಿರಲಿಲ್ಲ. ಬಿಡುವುದೂ ಸರಿಯಲ್ಲ. ನೆಲದ ಮೇಲೆ ಅಂಗಾತ ಮಲಗಿಸಿ, 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಲು ಶುರುಮಾಡುವವರೆಗೆ ತೋರಿಸಿ ನಿಲ್ಲಿಸಿದೆವು. ಬಾಯಿಯಲ್ಲಿ ವಸ್ತು ಕಣ್ಣಿಗೆ ಕಂಡರೆ ಮಾತ್ರ ತೆಗೆಯಬೇಕು, ಕಾಣದೆ ಬೆರಳು ಹಾಕಿ ಹುಡುಕಿದರೆ ಅದು ಇನ್ನೂ ಆಳಕ್ಕೆ ಹೋಗುತ್ತದೆ ಎಂಬ ಸಾಲು ಈ ದೃಶ್ಯದಲ್ಲೇ ಬರುತ್ತದೆ.

ಎಚ್ಚರಿಕೆಯ ಸಾಲುಗಳ ಜಾಗ

ಸಂಸ್ಥೆಯ ಕಾನೂನು ಸಲಹೆಗಾರರು “ಇದು ವೈದ್ಯರ ಸಲಹೆಗೆ ಪರ್ಯಾಯವಲ್ಲ” ಎಂಬ ಒಂದು ಪ್ಯಾರಾವನ್ನು ಎರಡೂ ವಿಡಿಯೊಗಳ ಆರಂಭದಲ್ಲಿ ಇಡಬೇಕೆಂದಿದ್ದರು. ಕೈ ಸುಟ್ಟುಕೊಂಡವರು ತೆರೆಯುವ ವಿಡಿಯೊದ ಮೊದಲ ಹತ್ತು ಸೆಕೆಂಡನ್ನು ಅದಕ್ಕೆ ಕೊಡಲು ನಾವು ಒಪ್ಪಲಿಲ್ಲ. ಅದು ಕೊನೆಗೆ ಹೋಯಿತು. ಉಳಿದ ಎಚ್ಚರಿಕೆಗಳನ್ನು ಒಟ್ಟುಗೂಡಿಸಿ ಒಂದು ಪಟ್ಟಿಯಾಗಿ ತೋರಿಸುವ ಬದಲು, ಯಾವ ಹಂತದಲ್ಲಿ ಕೈ ತಪ್ಪು ಕಡೆಗೆ ಹೋಗುತ್ತದೆಯೋ ಆ ದೃಶ್ಯದ ಮೇಲೆಯೇ ಇಟ್ಟೆವು. ಒಂದು ಪರದೆಗೆ ಒಂದೇ ಸಾಲು, ಆರೇಳು ಪದಗಳಿಗಿಂತ ಹೆಚ್ಚಿಲ್ಲ, ನಿಧಾನವಾಗಿ ಎರಡು ಬಾರಿ ಓದುವಷ್ಟು ಹೊತ್ತು ಉಳಿಯಬೇಕು ಎಂಬ ನಿಯಮವನ್ನು ಸಂಕಲನಕಾರರಿಗೆ ಬರೆದುಕೊಟ್ಟೆವು. ಸಾಲುಗಳನ್ನು ಆದಷ್ಟೂ ಮಾಡಬೇಕಾದ ಕೆಲಸವಾಗಿ ಬರೆದೆವು: “ಐಸ್ ಬೇಡ” ಎಂಬುದು “ನಲ್ಲಿ ನೀರು ಸಾಕು” ಎಂದಾಯಿತು.

ಏನಾಯಿತು

ಹೊಸ ವಿಡಿಯೊಗಳನ್ನು ಅದೇ ಅಡುಗೆಮನೆಯಲ್ಲಿ, ಅದೇ ರೀತಿ ಮಾಡಿ ತೋರಿಸುವಂತೆ ಕೇಳಿ ಪರೀಕ್ಷಿಸಿದಾಗ, ಹೆಚ್ಚಿನವರು ನೀರಿನ ಬಳಿಗೆ ಹೋದ ಕೂಡಲೇ ಅಲಾರಂಗಾಗಿ ಮೊಬೈಲ್ ಹುಡುಕಿದರು. ಹಿರಿಯ ಅಡುಗೆಯವರು ಬೇಸಿನ್ ಇಡಲು ಮರೆತವರನ್ನು ಗದರಿಸಿದರು. ಅಂಗನವಾಡಿಯ ಗುಂಪಿನಲ್ಲಿ ಕೆಮ್ಮುವವರನ್ನು ಯಾರೂ ಹೊಡೆಯಲಿಲ್ಲ. ಆದರೆ ಕೆಲವರು ಪೂರ್ತಿ ಉಸಿರುಕಟ್ಟಿದಂತೆ ನಟಿಸಿದವರ ಮುಂದೆಯೂ “ಕೆಮ್ಮಿ, ಕೆಮ್ಮಿ” ಎನ್ನುತ್ತ ನಿಂತುಬಿಟ್ಟರು. ಒಂದು ತಪ್ಪನ್ನು ತಿದ್ದಲು ಹೋದ ದೃಶ್ಯ ಇನ್ನೊಂದು ಬದಿಗೆ ವಾಲಿತ್ತು. ಅದಕ್ಕಾಗಿ ಎರಡನೆಯ ದೃಶ್ಯದಲ್ಲಿ ಪ್ರಶ್ನೆ ಕೇಳುವುದಕ್ಕೂ ಮೊದಲ ಏಟಿಗೂ ನಡುವಿನ ಅಂತರವನ್ನು ಕತ್ತರಿಸಿ, ತಲೆ ಆಡಿಸಿದ ಮರುಕ್ಷಣವೇ ಕಾರ್ಯಕರ್ತೆ ಪಕ್ಕಕ್ಕೆ ಸರಿದು ಬಾಗಿಸುವಂತೆ ಮರುಸಂಕಲನ ಮಾಡಿದೆವು.

ಒಂದು ವರ್ಷದೊಳಗಿನ ಕೂಸಿನ ಭಾಗ ಮಾತ್ರ ವಿಡಿಯೊದಿಂದ ಕಲಿಸಲು ಆಗಲಿಲ್ಲ. ಕೂಸನ್ನು ಮುಂಗೈಯ ಮೇಲೆ ಬೋರಲಾಗಿ, ತಲೆ ಎದೆಗಿಂತ ತಗ್ಗಿರುವಂತೆ ಮಲಗಿಸಿ, ದವಡೆಗೆ ಆಸರೆ ಕೊಟ್ಟು, ಬೆನ್ನಿಗೆ ಐದು ಏಟು ಹಾಕಿ, ತಿರುಗಿಸಿ ಎದೆಮೂಳೆಯ ಕೆಳಭಾಗದಲ್ಲಿ ಅಂಗೈಯ ಬುಡದಿಂದ ಐದು ಒತ್ತು ಕೊಡಬೇಕು. ಕೂಸಿಗೆ ಹೊಟ್ಟೆ ಒತ್ತುವಂತಿಲ್ಲ, ಕಾಲು ಹಿಡಿದು ತಲೆಕೆಳಗಾಗಿ ತೂಗುವಂತಿಲ್ಲ. ಬೊಂಬೆಯ ಮೇಲೆ ಎಷ್ಟು ಸ್ಪಷ್ಟವಾಗಿ ತೋರಿಸಿದರೂ, ನೋಡಿದವರು ತಿರುಗಿಸುವ ಹಂತದಲ್ಲಿ ಕುತ್ತಿಗೆಯ ಆಸರೆಯನ್ನು ಬಿಟ್ಟುಬಿಡುತ್ತಿದ್ದರು. ಕೊನೆಗೆ ಆ ಭಾಗವನ್ನು ವಿಡಿಯೊದಿಂದ ತೆಗೆಯದೆ, ಅದರ ಮೇಲೆ “ಬೊಂಬೆಯೊಂದಿಗೆ ಕಲಿಯಿರಿ” ಎಂಬ ಸಾಲು ಹಾಕಿ, ಅಂಗನವಾಡಿಗಳ ಮಾಸಿಕ ಸಭೆಯಲ್ಲಿ ಹಿರಿಯ ತರಬೇತುದಾರರು ಬೊಂಬೆ ತಂದು ಪ್ರತಿಯೊಬ್ಬರಿಂದಲೂ ಮಾಡಿಸುವ ವ್ಯವಸ್ಥೆಯಾಯಿತು.

ವಾಟ್ಸಾಪ್‌ನಲ್ಲಿ ಹಂಚಿಹೋದ ಮೊದಲ ಕಚ್ಚಾ ಚಿತ್ರ ಈಗಲೂ ಕೆಲವು ಗುಂಪುಗಳಲ್ಲಿ ತಿರುಗುತ್ತಿದೆ, ಅದನ್ನು ಹಿಂದಕ್ಕೆ ಪಡೆಯುವ ದಾರಿಯಿಲ್ಲ. ಹೊಸ ವಿಡಿಯೊಗಳ ಮೂಲೆಯಲ್ಲಿ ಯಾವ ವರ್ಷದ ಮಾರ್ಗಸೂಚಿ ಎಂಬುದನ್ನು ಮೊದಲಿನಿಂದ ಕೊನೆಯವರೆಗೂ ಬರೆಯಲಾಗಿದೆ. ಮಾರ್ಗಸೂಚಿ ಬದಲಾದಾಗ ಮರುಚಿತ್ರೀಕರಿಸಬೇಕಾದ ದೃಶ್ಯಗಳ ಸಂಖ್ಯೆಗಳನ್ನು ಚಿತ್ರಕಥೆಯ ಕೊನೆಯ ಪುಟದಲ್ಲಿ ಗುರುತು ಹಾಕಿಡಲಾಗಿದೆ.